ಕಾಫಿ ಮೇಲೆ ಹೃದಯ ಬಿಡಿಸುವುದು ಹೇಗೆ, ಅದು ಕದಡುವುದು ಯಾಕೆ?

ಮೊದಲ ಸಲ ಕಾಫಿ ಮೇಲೆ ಹಾಲಿನಲ್ಲಿ ಹೃದಯ ಬಿಡಿಸಿ ಅಮ್ಮನ ಮುಂದೆ ಇಟ್ಟೆ. "ಇದೇನೋ, ಈರುಳ್ಳಿನಾ?" ಅಂತ ಕೇಳಿದರು. ಎರಡನೇ ಸಲ ಅವರು ಕನ್ನಡಕ ಹಾಕಿಕೊಂಡು ಬರುವಷ್ಟರಲ್ಲಿ ಈರುಳ್ಳಿಯೂ ಇರಲಿಲ್ಲ, ಕಂದು-ಬಿಳಿ ಎಲ್ಲ ಕಲಸಿ ಮೋಡದ ಹಾಗಾಗಿತ್ತು. ಮಣಿಕಟ್ಟು ಸರಿಯಾಗಿ ತಿರುಗಿಸುತ್ತಿಲ್ಲ ಅಂದುಕೊಂಡು ಮೂರು ವಾರ ಕೈಯನ್ನೇ ಪಳಗಿಸಿದೆ. ತಪ್ಪು ಇದ್ದದ್ದು ಕೈಯಲ್ಲಲ್ಲ, ಹಾಲಿನಲ್ಲಿ.

ಎಸ್ಪ್ರೆಸೊ ಮೆಷಿನ್ ಇಲ್ಲದ ಅಡುಗೆಮನೆಯಲ್ಲಿ, ಒಂದು ಫ್ರೆಂಚ್ ಪ್ರೆಸ್, ಅಂದರೆ ಮೇಲೆ ಕೆಳಗೆ ಆಡಿಸುವ ಜಾಲರಿ ಇರುವ ಕಾಫಿ ಜಗ್, ಮತ್ತು ಗಟ್ಟಿ ಡಿಕಾಕ್ಷನ್ ಇಟ್ಟುಕೊಂಡು ಒಂದೇ ಒಂದು ಹೃದಯ ಬಿಡಿಸುವುದನ್ನು ಇಲ್ಲಿ ಹೇಳುತ್ತೇನೆ. ಎಲೆ, ಹಂಸ ಎಲ್ಲ ಆಮೇಲೆ.

ನೊರೆ ಅಂದರೆ ಯಾವ ನೊರೆ?

ನಮಗೆ ನೊರೆ ಅಂದ ಕೂಡಲೇ ನೆನಪಾಗುವುದು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಬರಿಸಿದ ನೊರೆ. ಫಿಲ್ಟರ್ ಕಾಫಿಗೆ ಅದೇ ಸರಿ. ಆದರೆ ಅದರ ಗುಳ್ಳೆಗಳನ್ನು ಒಂದೊಂದಾಗಿ ಎಣಿಸಬಹುದು. ಲ್ಯಾಟೆ ಆರ್ಟ್‌ಗೆ ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ. ಗುಳ್ಳೆ ಕಣ್ಣಿಗೆ ಕಾಣಲೇಬಾರದು. ಹಾಲು ಸ್ವಲ್ಪ ದಪ್ಪಗಾಗಿ, ಹೊಸ ಪೇಂಟ್ ಡಬ್ಬ ತೆರೆದಾಗಿನ ಹಾಗೆ ಹೊಳೆಯಬೇಕು. ಕಾಫಿ ಅಂಗಡಿಯವರು ಇದನ್ನು ಮೈಕ್ರೋಫೋಮ್ ಅನ್ನುತ್ತಾರೆ.

ಗುಳ್ಳೆ ಇಷ್ಟು ಸಣ್ಣದಿರಬೇಕು ಅನ್ನೋದು ಸುಮ್ನೆ ಅಂದಕ್ಕಲ್ಲ. ರವೆಯಲ್ಲಿ ರಂಗೋಲಿ ಎಳೆದು ನೋಡಿ, ಎಷ್ಟು ನಿಧಾನವಾಗಿ ಬಿಟ್ಟರೂ ಅಂಚು ತರಿತರಿಯಾಗಿಯೇ ಇರುತ್ತದೆ. ನುಣ್ಣಗಿನ ಪುಡಿಯಾದರೆ ಗೆರೆ ಚೂಪಾಗಿ ಬರುತ್ತದೆ. ಇಲ್ಲಿ ಗುಳ್ಳೆಯೇ ರಂಗೋಲಿ ಪುಡಿ. ದೊಡ್ಡ ಗುಳ್ಳೆಗಳ ನಡುವೆ ಜಾಗ ಜಾಸ್ತಿ, ಅಲ್ಲಿಗೆ ಕಾಫಿ ನುಗ್ಗುತ್ತದೆ, ಅಂಚು ಕದಡುತ್ತದೆ. ಮೇಲಾಗಿ ದೊಡ್ಡ ಗುಳ್ಳೆಗಳು ಬೇಗ ಒಡೆಯುತ್ತವೆ.

ಹಾಲು

ಗುಳ್ಳೆಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನ್. ಗಾಳಿಯ ಪ್ರತಿ ಕಣದ ಸುತ್ತ ಅದು ತೆಳುವಾದ ಚರ್ಮದ ಹಾಗೆ ಸುತ್ತಿಕೊಳ್ಳುತ್ತದೆ. ಕೊಬ್ಬಿನಿಂದ ರುಚಿ ಮತ್ತು ನುಣುಪು. ಪ್ಯಾಕೆಟ್ ಮೇಲೆ ಕೊಬ್ಬಿನ ಅಂಶ ಬರೆದಿರುತ್ತದೆ, ಶೇಕಡಾ 3.5ರ ಆಸುಪಾಸಿನದು ಕಲಿಯುವವರಿಗೆ ಅನುಕೂಲ. ಹೋಮೊಜಿನೈಸ್ ಮಾಡಿದ್ದಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಕೆನೆ ಬೇರೆಯಾಗಿ ಕಟ್ಟುವುದಿಲ್ಲ.

ಹಾಲು ತಂದ ತಕ್ಷಣ ಕಾಯಿಸುವುದು ನಮ್ಮ ಮನೆಗಳ ಅಭ್ಯಾಸ. ಹಾಗೆ ಕಾಯಿಸಿ ಆರಿಸಿದ ಹಾಲಿನಲ್ಲಿ ಕೆನೆಯ ಚೂರುಗಳು ಓಡಾಡುತ್ತಿರುತ್ತವೆ, ಎಷ್ಟು ಕಡೆದರೂ ನುಣುಪು ಬರುವುದಿಲ್ಲ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ ಆಗಿರುವುದರಿಂದ ಫ್ರಿಜ್‌ನಲ್ಲಿಟ್ಟ ಹೊಸ ಪ್ಯಾಕೆಟ್ ಒಡೆದು ನೇರ ಬಳಸಿ. ಹಾಲಿನವರು ಮನೆಗೆ ತಂದುಕೊಡುವ ಹಸಿ ಹಾಲಿಗೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಕುದಿಸಲೇಬೇಕು. ಹಳೆಯ ಹಾಲೂ ಬೇಡ. ದಿನ ಕಳೆದಂತೆ ಅದರ ಕೊಬ್ಬು ಒಡೆದು ಬಿಡುಗಡೆಯಾಗುವ ಆಮ್ಲಗಳು ನೊರೆಯನ್ನು ನಿಲ್ಲಗೊಡುವುದಿಲ್ಲ. ಬಾಯಿಗೆ ಚೆನ್ನಾಗಿಯೇ ಇರುವ ಹಾಲು ಕೂಡ ಕೆಲವೊಮ್ಮೆ ಹೀಗೆ ಕೈಕೊಡುತ್ತದೆ.

ಕಾಯಿಸಿ, ಪಂಪ್ ಮಾಡಿ

ಒಂದು ಕಪ್‌ಗೆ 150 ಮಿ.ಲೀ. ಹಾಲು ಸಾಕು. ಸಣ್ಣ ಉರಿಯಲ್ಲಿ 60ರಿಂದ 65 ಡಿಗ್ರಿಗೆ ತನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ, ಪಾತ್ರೆಯ ಅಂಚಿನಲ್ಲಿ ಸಾಸಿವೆಯಂಥ ಗುಳ್ಳೆ ಏಳುವ ಮೊದಲೇ, ಹಬೆ ಆಡಲು ಶುರುವಾದಾಗ ಇಳಿಸಿಬಿಡಿ. 70 ದಾಟಿತೋ, ಪ್ರೋಟೀನ್‌ನ ಒಂದು ಭಾಗ ರೂಪ ಕೆಟ್ಟು ನೊರೆ ತರಿಯಾಗುತ್ತದೆ, ಬೇಯಿಸಿದ ಹಾಲಿನ ವಾಸನೆಯೂ ಬರುತ್ತದೆ.

ಫ್ರೆಂಚ್ ಪ್ರೆಸ್ ಅನ್ನು ಬಿಸಿನೀರಿನಲ್ಲಿ ತೊಳೆದು ಹಾಲು ಸುರಿಯಿರಿ. ಇಲ್ಲಿ ಎರಡು ಕೆಲಸಗಳಿವೆ, ಎಷ್ಟೋ ಜನ ಅವನ್ನು ಒಂದೇ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲನೆಯದು ಗಾಳಿ ಸೇರಿಸುವುದು. ಜಾಲರಿಯನ್ನು ಹಾಲಿನ ಮಟ್ಟಕ್ಕಿಂತ ಮೇಲಕ್ಕೆ ಎಳೆದು ಒಳಕ್ಕೆ ಒತ್ತಿ, ಆರೇಳು ಸಲ, ಅಷ್ಟೇ. ಹಾಲು ಸುಮಾರು ಕಾಲು ಭಾಗ ಉಬ್ಬಿದರೆ, ಅಂದರೆ 150 ಇದ್ದದ್ದು 190 ಮಿ.ಲೀ. ಹತ್ತಿರ ಬಂದರೆ ನಿಲ್ಲಿಸಿ. ಎರಡನೆಯದು ಆ ಗಾಳಿಯನ್ನು ಪುಡಿ ಮಾಡುವುದು. ಈಗ ಜಾಲರಿ ಹಾಲಿನೊಳಗೇ ಇರಬೇಕು, ಮೇಲೆ ಬರಲೇಬಾರದು. ಸಣ್ಣಗೆ, ಬೇಗಬೇಗ, ಹದಿನೈದು-ಇಪ್ಪತ್ತು ಸಲ ಆಡಿಸಿ. ದೊಡ್ಡ ಗುಳ್ಳೆಗಳು ಜಾಲರಿಯ ಕಣ್ಣಿನಲ್ಲಿ ತೂರಿ ತೂರಿ ಸಣ್ಣದಾಗುತ್ತವೆ.

ನಾನು ಮೂರು ವಾರ ಮಾಡಿದ್ದು ಮೊದಲನೆಯ ಕೆಲಸವನ್ನೇ, ಇಪ್ಪತ್ತೈದು ಸಲ. ಹಾಲು ದುಪ್ಪಟ್ಟಾಗುತ್ತಿತ್ತು, ಖುಷಿಯಾಗುತ್ತಿತ್ತು, ಆದರೆ ಸುರಿದರೆ ಮೊದಲು ತೆಳ್ಳಗಿನ ಹಾಲು ಬಂದು ಕೊನೆಗೆ ಮೊಸರಿನ ಗಡ್ಡೆಯ ಹಾಗೆ ಒಂದು ಮುದ್ದೆ ಬೀಳುತ್ತಿತ್ತು. ಅಮ್ಮನ ಈರುಳ್ಳಿ ಅದೇ.

ಸ್ಟೀಮ್ ಕೊಳವೆ ಇರುವ ಮೆಷಿನ್ ಮನೆಯಲ್ಲಿದ್ದರೂ ತತ್ವ ಇದೇ. ತಣ್ಣಗಿನ ಹಾಲಿನಲ್ಲಿ ಕೊಳವೆಯ ತುದಿ ಮೇಲ್ಮೈಗೆ ತಾಗಿದ ಹಾಗಿದ್ದು, ಕಾಗದ ಹರಿದಂತೆ ಚರ್ ಚರ್ ಸದ್ದು ಬರಬೇಕು. ಜಗ್ ಉಗುರುಬೆಚ್ಚಗಾಗುವ ಹೊತ್ತಿಗೆ ಈ ಸದ್ದು ನಿಲ್ಲಬೇಕು. ಆಮೇಲೆ ತುದಿಯನ್ನು ಸ್ವಲ್ಪ ಮುಳುಗಿಸಿ ಹಾಲು ಸುಳಿಯಾಗಿ ತಿರುಗುವಂತೆ ಹಿಡಿದರೆ ಆಯಿತು.

ಚೂಪು ಮೂತಿಯ ಸಣ್ಣ ಜಗ್‌ಗೆ ಹಾಲು ಬಗ್ಗಿಸಿ, ಕಟ್ಟೆಯ ಮೇಲೆ ಎರಡು ಸಲ ಕುಟ್ಟಿ, ಗುಂಡಗೆ ಅಲ್ಲಾಡಿಸಿ. ಈಗ ಇಟ್ಟು ಫೋನ್ ನೋಡಲು ಹೋಗಬೇಡಿ. ನೊರೆಗೂ ಹಾಲಿಗೂ ಒಟ್ಟಿಗಿರುವ ಆಸೆ ಇಲ್ಲ. ಅರ್ಧ ನಿಮಿಷ ಬಿಟ್ಟರೆ ಸಾಕು, ಗಾಳಿ ಮೇಲಕ್ಕೆ, ಹಾಲು ಕೆಳಕ್ಕೆ ಹೊರಡುತ್ತವೆ. ಸುರಿಯುವ ಕ್ಷಣದವರೆಗೂ ಜಗ್ ಅಲ್ಲಾಡುತ್ತಲೇ ಇರಲಿ.

ಕಾಫಿ ಮೊದಲೇ ಸಿದ್ಧವಿರಲಿ

ಎಸ್ಪ್ರೆಸೊ ಮೇಲೆ ಚಿತ್ರ ಸುಲಭವಾಗಿ ನಿಲ್ಲಲು ಕ್ರೆಮಾ ಅನ್ನುವ ಕಂದು ನೊರೆ ಕಾರಣ. ಒತ್ತಡದಲ್ಲಿ ಕಾಫಿ ಇಳಿಯುವಾಗ ಹುರಿದ ಬೀಜದಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ಅದು ಹುಟ್ಟುತ್ತದೆ. ಡಿಕಾಕ್ಷನ್‌ನಲ್ಲಿ ಕ್ರೆಮಾ ಇಲ್ಲ. ಅದರ ಮೇಲೆ ನೇರವಾಗಿ ಬಿಡಿಸಲು ಹೋದರೆ ನೀರಿನ ಮೇಲೆ ಸುಣ್ಣ ಬಳಿದ ಹಾಗೆ.

ಇದಕ್ಕೊಂದು ಉಪಾಯ ಇದೆ. ಅಗಲ ಬಾಯಿಯ, ಗುಂಡು ತಳದ 200 ಮಿ.ಲೀ. ಕಪ್‌ಗೆ 45 ಮಿ.ಲೀ. ಮೊದಲ ಡಿಕಾಕ್ಷನ್ ಬಿಸಿಯಾಗಿ ಹಾಕಿ. ಸಕ್ಕರೆ ಬೇಕಿದ್ದರೆ ಈಗಲೇ ಕರಗಿಸಿ, ಆಮೇಲೆ ಕದಡಿದರೆ ಚಿತ್ರ ಹೋಯಿತು. ನೊರೆಹಾಲನ್ನು ಎರಡು ಚಮಚ ಅದಕ್ಕೆ ಹಾಕಿ ಚೆನ್ನಾಗಿ ಕಲಸಿ. ಮೇಲೆ ಒಂದು ತೆಳು ಕಂದು ಪದರ ಮೂಡುತ್ತದೆ, ಅದೇ ನಿಮ್ಮ ಸಾರಿಸಿದ ಅಂಗಳ. ಎಸ್ಪ್ರೆಸೊದಷ್ಟು ಕಡು ಬಣ್ಣ ಬರುವುದಿಲ್ಲ, ಅದು ಈ ವಿಧಾನದ ಮಿತಿ. ಚಿಟಿಕೆ ಕೋಕೋ ಪುಡಿ ಉದುರಿಸಿದರೆ ಅಂಚು ಎದ್ದು ಕಾಣುತ್ತದೆ.

ಎತ್ತರದ ಲೆಕ್ಕ

ಸುರಿಯುವುದರಲ್ಲಿ ಎರಡೇ ಎತ್ತರ. ಮೊದಲು ಮೇಲಿಂದ, ಆಮೇಲೆ ಹತ್ತಿರದಿಂದ.

10 ಸೆಂ.ಮೀ. ಎತ್ತರದಿಂದ ಬಿದ್ದ ಹಾಲು ಕಾಫಿ ಮುಟ್ಟುವಾಗ ಸೆಕೆಂಡಿಗೆ ಸುಮಾರು 1.4 ಮೀಟರ್ ವೇಗದಲ್ಲಿರುತ್ತದೆ. ಅಷ್ಟು ಜೋರಿಗೆ ನೊರೆಯೂ ಸೇರಿ ಎಲ್ಲ ಒಳಗೆ ಮುಳುಗುತ್ತದೆ, ಮೇಲೆ ಬಿಳಿ ಕಾಣುವುದಿಲ್ಲ. 1 ಸೆಂ.ಮೀ.ನಿಂದ ಬಿದ್ದರೆ ವೇಗ ಅದರ ಮೂರನೇ ಒಂದು ಭಾಗ. ಆಗ ಮುಳುಗುವಷ್ಟು ಜೋರಿಲ್ಲ, ಹಗುರವಾದ ನೊರೆ ಮೇಲೆ ತೇಲಿ ಹರಡುತ್ತದೆ. ಲ್ಯಾಟೆ ಆರ್ಟ್‌ನ ಗುಟ್ಟು ಇಷ್ಟೇ ಅಂದರೂ ತಪ್ಪಿಲ್ಲ.

ಹಾಗಾಗಿ ಕಪ್ಪನ್ನು ಜಗ್ ಕಡೆಗೆ ವಾಲಿಸಿ ಹಿಡಿದು, ಒಂದು ಕೈಬೆರಳಿನ ಉದ್ದದಷ್ಟು ಎತ್ತರದಿಂದ, ಸಣ್ಣ ಧಾರೆಯಾಗಿ, ನಡುವಿಗೆ ಸುರಿಯಿರಿ. ಕಪ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬುವವರೆಗೂ ಮೇಲ್ಮೈ ಕಂದಾಗಿಯೇ ಇರಬೇಕು. ಈಗ ಜಗ್ಗಿನ ಮೂತಿಯನ್ನು ಕಾಫಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಇಳಿಸಿ, ಧಾರೆಯನ್ನು ದಪ್ಪ ಮಾಡಿ. ಹೆದರಿ ಇಲ್ಲೇ ಧಾರೆ ಸಣ್ಣ ಮಾಡುವವರು ಜಾಸ್ತಿ, ಆಗ ನೊರೆ ಜಗ್ಗಿನಲ್ಲೇ ಉಳಿದು ಹಾಲು ಮಾತ್ರ ಹರಿಯುತ್ತದೆ. ಒಂದೇ ಜಾಗದಲ್ಲಿ ಸುರಿಯುತ್ತಿದ್ದರೆ ಬಿಳಿ ವೃತ್ತ ಅರಳುತ್ತದೆ, ಅದರ ಜೊತೆಗೇ ಕಪ್ಪನ್ನು ನಿಧಾನವಾಗಿ ನೇರ ಮಾಡುತ್ತಾ ಬನ್ನಿ. ಕಪ್ ತುಂಬುವ ಹೊತ್ತಿಗೆ ಜಗ್ಗನ್ನು ಮತ್ತೆ ನಾಲ್ಕೈದು ಸೆಂ.ಮೀ. ಎತ್ತಿ, ಧಾರೆಯನ್ನು ದಾರದಷ್ಟು ಸಣ್ಣ ಮಾಡಿ, ವೃತ್ತದ ನಡುವೆ ನೇರ ಆಚೆಗೆ ಎಳೆದುಬಿಡಿ. ಎತ್ತಿದ್ದರಿಂದ ಈ ಧಾರೆ ಮುಳುಗುತ್ತದೆ, ಮುಳುಗುವಾಗ ಬಿಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹೃದಯದ ಸೀಳೂ ತುದಿಯೂ ಬರುವುದು ಹೀಗೆ. ಎತ್ತದೆ ಎಳೆದರೆ ಬಿಳಿ ಮೇಲೆ ಬಿಳಿ ಬಿದ್ದು, ಮತ್ತದೇ ಈರುಳ್ಳಿ.

ಕದಡಿದ್ದನ್ನು ಓದುವುದು

ಕೆಟ್ಟ ಚಿತ್ರವನ್ನು ತಕ್ಷಣ ಕುಡಿದುಬಿಡಬೇಡಿ, ಸ್ವಲ್ಪ ನೋಡಿ. ಬಿಳಿ ಮೂಡಲೇ ಇಲ್ಲ ಅಂದರೆ ಮೂತಿ ಇನ್ನೂ ಮೇಲಿತ್ತು, ಇಲ್ಲವೇ ಹಾಲಿಗೆ ಗಾಳಿ ಸಾಕಾಗಿಲ್ಲ. ಶುರುವಿನಲ್ಲೇ ಕಪ್ ಪೂರ್ತಿ ಬೆಳ್ಳಗಾಯಿತು ಅಂದರೆ ಬೇಗ ಇಳಿಸಿದ್ದೀರಿ, ಅಥವಾ ನೊರೆ ದಪ್ಪವಾಗಿದೆ. ಇವೆರಡೂ ಸುರಿಯುವಾಗಲೇ ಗೊತ್ತಾಗುತ್ತವೆ.

ಚಿತ್ರ ಚೆನ್ನಾಗಿ ಬಂದು, ಆಮೇಲೆ ಕಣ್ಣೆದುರೇ ಅಂಚು ಹರಡಿ ಚುಕ್ಕೆ ಚುಕ್ಕೆ ಆಗುವುದು ಬೇರೆಯೇ ಕಾಯಿಲೆ. ಸಣ್ಣ ಗುಳ್ಳೆಯ ಒಳಗಿನ ಗಾಳಿಗೆ ಒತ್ತಡ ಜಾಸ್ತಿ, ಅದು ಪಕ್ಕದ ದೊಡ್ಡ ಗುಳ್ಳೆಗೆ ಸೋರುತ್ತದೆ, ಸಣ್ಣದು ಕರಗಿ ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ನಡುವಿನ ಹಾಲು ಕೆಳಗೆ ಬಸಿಯುತ್ತದೆ. ಎಲ್ಲ ಗುಳ್ಳೆಗಳೂ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದರೆ ಇದು ನಿಧಾನ. ಎರಡನೇ ಹಂತದ ಪಂಪಿಂಗ್ ಅರೆಬರೆ ಆಗಿದ್ದರೆ ಒಂದೇ ನಿಮಿಷದಲ್ಲಿ ಮುಗಿದುಹೋಗುತ್ತದೆ.

ನಿಮ್ಮ ನೊರೆಯ ಕಾಯಿಲೆ ಯಾವುದು ಅಂತ ತಿಳಿಯಲು ಜಗ್ಗಿನಲ್ಲಿ ಉಳಿದ ಹಾಲೇ ಸಾಕು, ಮೇಲಿನ ಲೆಕ್ಕದಲ್ಲಿ 30 ಮಿ.ಲೀ.ನಷ್ಟು ಉಳಿದಿರುತ್ತದೆ. ಜಗ್ಗನ್ನು ಚೆನ್ನಾಗಿ ಅಲ್ಲಾಡಿಸಿ ಅದನ್ನು ಒಂದು ಗಾಜಿನ ಲೋಟಕ್ಕೆ ಹಾಕಿ, ಒಂದು ನಿಮಿಷ ಬಿಟ್ಟು ಪಕ್ಕದಿಂದ ನೋಡಿ. ಮೇಲಿನ ಪದರದಲ್ಲಿ ಕಣ್ಣಿಗೆ ಕಾಣುವ ಗುಳ್ಳೆಗಳಿದ್ದರೆ ನಾಳೆ ಜಾಲರಿಯನ್ನು ಹಾಲಿನೊಳಗೆ ಇನ್ನೂ ಹತ್ತು ಸಲ ಆಡಿಸಿ. ನೊರೆ ನುಣ್ಣಗಿದ್ದೂ ಲೋಟದಲ್ಲಿ ಹಾಕಿದ್ದರ ಅರ್ಧದಷ್ಟಿದ್ದರೆ ಗಾಳಿ ಜಾಸ್ತಿಯಾಗಿದೆ, ಮೊದಲ ಹಂತದಲ್ಲಿ ಎರಡು ಸಲ ಕಡಿಮೆ ಮಾಡಿ. ಎರಡೂ ಸರಿ ಇದ್ದು ಚಿತ್ರ ಮಾತ್ರ ಕೆಟ್ಟಿದೆಯಾ? ಆಗ ಕೈಯನ್ನು ಬೈಯಬಹುದು.