ಟೆಲಿಗ್ರಾಂ ಚಾನೆಲ್ ಅಳಿಸುವ ಮುನ್ನ: ಸದಸ್ಯರು, ಫೈಲ್‌ಗಳು ಏನಾಗುತ್ತವೆ?

ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರ ಫೋನಿನಲ್ಲಿ ನಾಲ್ಕೈದಾದರೂ ಟೆಲಿಗ್ರಾಂ ಚಾನೆಲ್ ಇದ್ದೇ ಇರುತ್ತವೆ. ನಾನೂ ಗೆಳೆಯರ ಜೊತೆ ಸೇರಿ ಅಂಥದ್ದೊಂದು ಚಾನೆಲ್ ಮಾಡಿದ್ದೆ. ಹಳೆಯ ಪ್ರಶ್ನೆಪತ್ರಿಕೆ, ಕೈಬರಹದ ನೋಟ್ಸ್, ಮಾದರಿ ಉತ್ತರ ಎಲ್ಲ ಅಲ್ಲಿಗೇ ಹಾಕುತ್ತಿದ್ದೆವು. ಮೂರು ವರ್ಷದಲ್ಲಿ ಸದಸ್ಯರು 640 ಆದರು, ಫೈಲ್‌ಗಳು 212 ಆದವು. ಆಮೇಲೆ ಒಬ್ಬೊಬ್ಬರಿಗೂ ಕೆಲಸ ಸಿಕ್ಕಿತು. ಚಾನೆಲ್ ನೋಡಿಕೊಳ್ಳುವವರು ಯಾರೂ ಉಳಿಯಲಿಲ್ಲ. ಹಳೇ ಪಠ್ಯಕ್ರಮದ ನೋಟ್ಸನ್ನೇ ಹೊಸಬರು ನಂಬಿ ಓದುವುದು ಬೇಡ ಅನ್ನಿಸಿ, ಮುಚ್ಚಲು ತೀರ್ಮಾನಿಸಿದೆ.

ಒಂದು ಬಟನ್ ಒತ್ತಿದರೆ ಮುಗಿಯಿತು ಅಂದುಕೊಂಡಿದ್ದೆ. ಒತ್ತುವ ಕೆಲಸ ನಿಜವಾಗಿಯೂ ಅರ್ಧ ನಿಮಿಷದ್ದೇ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸಕ್ಕೆ ನನಗೆ ಹದಿನೈದು ದಿನ ಬೇಕಾಯಿತು.

ಬಿಡುವುದು ಬೇರೆ, ಅಳಿಸುವುದು ಬೇರೆ

ಚಾನೆಲ್ ಮಾಡಿದವರನ್ನು ಟೆಲಿಗ್ರಾಂ ಅದರ ಮಾಲೀಕ ಎಂದು ಗುರುತಿಸುತ್ತದೆ. ಅಳಿಸುವ ಹಕ್ಕು ಮಾಲೀಕರಿಗೆ ಮಾತ್ರ. ನೀವು ಅಡ್ಮಿನ್ ಮಾಡಿದ ಗೆಳೆಯರು ಪೋಸ್ಟ್ ಹಾಕಬಹುದು, ತೆಗೆಯಬಹುದು. ಆದರೆ ಇಡೀ ಚಾನೆಲನ್ನು ಅಳಿಸಲು ಅವರಿಂದ ಆಗುವುದಿಲ್ಲ.

ಜಾಸ್ತಿ ಜನ ಎಡವುವುದು ಇಲ್ಲೇ. ಚಾಟ್ ಪಟ್ಟಿಯಲ್ಲಿ ಚಾನೆಲ್ ಹೆಸರನ್ನು ಒತ್ತಿ ಹಿಡಿದು ತೆಗೆದುಬಿಡುತ್ತಾರೆ. ತಮ್ಮ ಪಟ್ಟಿಯಿಂದ ಅದು ಮಾಯವಾಗುತ್ತದೆ. ಸರಿ, ಮುಗಿಯಿತು ಎಂದು ಸುಮ್ಮನಾಗುತ್ತಾರೆ. ಎಲ್ಲ ಸದಸ್ಯರಿಗೂ ಅಳಿಸು ಎಂಬ ಆಯ್ಕೆಗೆ ಗುರುತು ಹಾಕದಿದ್ದರೆ, ಅಲ್ಲಿ ಆಗಿರುವುದು ಅವರು ಹೊರಬಂದಿದ್ದು ಮಾತ್ರ. ಚಾನೆಲ್ ಹಾಗೇ ಇರುತ್ತದೆ, ಫೈಲ್‌ಗಳೂ ಇರುತ್ತವೆ, ಲಿಂಕ್ ಸಿಕ್ಕವರು ಸೇರುತ್ತಲೂ ಇರುತ್ತಾರೆ. ನಿಮಗೆ ಅನುಮಾನವಿದ್ದರೆ ಬೇರೆಯವರ ಫೋನಿನಲ್ಲಿ ಆ ಲಿಂಕ್ ತೆರೆದು ನೋಡಿ. ಚಾನೆಲ್ ತೆರೆದುಕೊಂಡರೆ ಅದು ಅಳಿದಿಲ್ಲ ಎಂದೇ ಅರ್ಥ.

ಸದಸ್ಯರ ಕೈಯಲ್ಲಿ ಏನು ಉಳಿಯುತ್ತದೆ

ಟೆಲಿಗ್ರಾಂ ಚಾನೆಲ್‌ನ ಫೈಲ್‌ಗಳು ಇರುವುದು ಕಂಪನಿಯ ಸರ್ವರ್‌ನಲ್ಲಿ. ಸದಸ್ಯರ ಫೋನಿನಲ್ಲಿ ಕಾಣುವುದು ಅದರ ಕಿಟಕಿ ಅಷ್ಟೇ. ಮಾಲೀಕರು ಚಾನೆಲ್ ಅಳಿಸಿದ ಕೂಡಲೇ ಆ ಕಿಟಕಿ ಎಲ್ಲರ ಫೋನಿನಲ್ಲೂ ಒಟ್ಟಿಗೇ ಮುಚ್ಚಿಕೊಳ್ಳುತ್ತದೆ. ಹಳೆಯ ಪೋಸ್ಟ್‌ಗಳನ್ನು ತಿರುಗಿಸಿ ನೋಡಲು ಯಾರಿಗೂ ಆಗುವುದಿಲ್ಲ.

"ಸಾರ್, ನಾನು ಎಲ್ಲಾ ಪಿಡಿಎಫ್ ಓಪನ್ ಮಾಡಿ ಓದಿದೀನಿ, ಫೋನಲ್ಲಿ ಇರತ್ತೆ ಅಲ್ವಾ?" ಎಂದು ದಾವಣಗೆರೆಯ ಒಬ್ಬ ಹುಡುಗಿ ಕೇಳಿದ್ದಳು. ಇಲ್ಲ, ಹಾಗೆ ನಂಬಿಕೊಳ್ಳಬಾರದು. ಟೆಲಿಗ್ರಾಂ ಒಳಗೇ ತೆರೆದು ಓದಿದ ಫೈಲ್ ಆ ಆ್ಯಪ್‌ನ ತಾತ್ಕಾಲಿಕ ಜಾಗದಲ್ಲಿ ಕೂತಿರುತ್ತದೆ. ಚಾನೆಲ್ ಹೋದ ಮೇಲೆ ಅದನ್ನು ತೆರೆಯುವ ದಾರಿಯೇ ಕಾಣುವುದಿಲ್ಲ. ಸ್ಟೋರೇಜ್ ಖಾಲಿ ಮಾಡಿದ ದಿನ ಅದೂ ಅಳಿಸಿಹೋಗುತ್ತದೆ.

ಉಳಿಯುವುದು ಎರಡು ಬಗೆಯಲ್ಲಿ. ಫೈಲ್ ಪಕ್ಕದ ಮೂರು ಚುಕ್ಕೆ ಒತ್ತಿ "Save to Downloads" ಕೊಟ್ಟಿದ್ದರೆ ಅದು ಫೋನಿನ ಸ್ವಂತ ಫೈಲ್ ಆಗಿರುತ್ತದೆ, ಅದನ್ನು ಯಾರೂ ಮುಟ್ಟಲಾರರು. ಇಲ್ಲವೇ ತಮ್ಮ "Saved Messages"ಗೋ ಇನ್ನೊಂದು ಗ್ರೂಪಿಗೋ ಫಾರ್ವರ್ಡ್ ಮಾಡಿಕೊಂಡಿದ್ದರೆ ಆ ಪ್ರತಿ ಅಲ್ಲಿ ಉಳಿಯುತ್ತದೆ. ಇದರ ಇನ್ನೊಂದು ಮುಖವನ್ನೂ ನೆನಪಿಡಿ. ಯಾವುದೋ ಫೈಲ್ ಜನರ ಕೈಯಿಂದ ವಾಪಸ್ ಬರಲಿ ಎಂದು ನೀವು ಚಾನೆಲ್ ಅಳಿಸುತ್ತಿದ್ದರೆ ಆ ಕೆಲಸ ಪೂರ್ತಿ ಆಗುವುದಿಲ್ಲ. ಈಗಾಗಲೇ ಹಂಚಿಹೋದ ಪ್ರತಿಗಳು ಹೋದಲ್ಲೇ ಇರುತ್ತವೆ.

ಮೊದಲು ನಿಮ್ಮ ಪ್ರತಿ ತೆಗೆದಿಟ್ಟುಕೊಳ್ಳಿ

ಅಳಿಸಿದ ಚಾನೆಲ್ ಮತ್ತೆ ಬರುವುದಿಲ್ಲ, ಮಾಲೀಕರಿಗೂ ಅಷ್ಟೇ. ಹಾಗಾಗಿ ಮೊದಲ ಕೆಲಸ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಫೋನಿನ ಆ್ಯಪ್‌ನಲ್ಲಿ ಈ ಸೌಲಭ್ಯ ಇಲ್ಲ. ಕಂಪ್ಯೂಟರಿನಲ್ಲಿ "Telegram Desktop" ಹಾಕಿಕೊಂಡು ಚಾನೆಲ್ ತೆರೆಯಿರಿ. ಮೇಲೆ ಬಲಗಡೆ ಇರುವ ಮೂರು ಚುಕ್ಕೆ ಒತ್ತಿದರೆ "Export chat history" ಸಿಗುತ್ತದೆ. ಇದು ನೀವೇ ಕೇಳುತ್ತಿರುವುದಾ ಎಂದು ಖಚಿತ ಮಾಡಿಕೊಳ್ಳಲು ಕೆಲವೊಮ್ಮೆ ಟೆಲಿಗ್ರಾಂ ಒಂದು ದಿನ ಕಾಯಿಸುತ್ತದೆ ಅಥವಾ ಫೋನಿಗೆ ಬಂದ ಸಂದೇಶದಲ್ಲಿ ಒಪ್ಪಿಗೆ ಕೇಳುತ್ತದೆ. ಆದ್ದರಿಂದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ನಾನು ತಪ್ಪಿದ್ದು ಇದರ ಮುಂದಿನ ಪುಟದಲ್ಲಿ. ಯಾವ್ಯಾವುದು ಬೇಕು ಎಂದು ಅಲ್ಲಿ ಗುರುತು ಹಾಕಬೇಕು. ಪಿಡಿಎಫ್ ಬೇಕಿದ್ದರೆ "Files" ಮುಂದೆ ಗುರುತು ಇರಲೇಬೇಕು. ಅದರ ಕೆಳಗೆ ಫೈಲ್ ಎಷ್ಟು ದೊಡ್ಡದಿರಬಹುದು ಎಂದು ಹೇಳುವ ಒಂದು ಜಾರುಪಟ್ಟಿ ಇದೆ. ಮೊದಲಿಗೆ ಅದು 8 ಎಂಬಿಯಲ್ಲಿ ನಿಂತಿರುತ್ತದೆ. ನಾನು ಅದನ್ನು ಗಮನಿಸಲಿಲ್ಲ. ಇಳಿಸಿದ ಮೇಲೆ "files" ಫೋಲ್ಡರ್‌ನಲ್ಲಿ ಎಣಿಸಿದರೆ 181 ಇದ್ದವು. ಚಾನೆಲ್‌ನ ಮಾಹಿತಿ ಪುಟ 212 ಎನ್ನುತ್ತಿತ್ತು. ಬಿಟ್ಟುಹೋದ 31 ಫೈಲ್ ಯಾವುವು ಎಂದು ನೋಡಿದೆ. ಸ್ಕ್ಯಾನ್ ಮಾಡಿದ ಕೈಬರಹದ ನೋಟ್ಸ್, ಅಂದರೆ ಬೇರೆಲ್ಲೂ ಸಿಗದಂಥವೇ!

ಇದನ್ನು ಪತ್ತೆ ಮಾಡುವುದು ಸುಲಭ. ಇಳಿಸಿದ ಫೋಲ್ಡರ್‌ನಲ್ಲಿ `messages.html` ಎಂಬ ಪುಟ ಇರುತ್ತದೆ. ಪೋಸ್ಟ್ ಜಾಸ್ತಿ ಇದ್ದರೆ `messages2.html`, ಹೀಗೆ ಮುಂದುವರಿಯುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದು "Exceeds maximum size" ಎಂದು ಹುಡುಕಿ. ಆ ಸಾಲು ಎಲ್ಲೆಲ್ಲಿ ಕಂಡಿತೋ ಅಲ್ಲಲ್ಲಿನ ಫೈಲ್ ಇಳಿದಿಲ್ಲ. ಜಾರುಪಟ್ಟಿಯನ್ನು ಬಲಕ್ಕೆ ಪೂರ್ತಿ ಎಳೆದು ಇನ್ನೊಮ್ಮೆ ಇಳಿಸಿ. ಎಣಿಕೆ ತಾಳೆಯಾಗುವವರೆಗೆ ಚಾನೆಲ್ ಮುಟ್ಟಬೇಡಿ. ನನಗೆ ಎರಡನೇ ಸಲಕ್ಕೆ 212 ಸಿಕ್ಕವು.

ಸದಸ್ಯರಿಗೆ ಸಮಯ ಕೊಡಿ

ಚಾನೆಲ್ ಅಳಿದ ಮೇಲೆ ಹೀಗಾಯಿತು ಎಂದು ಹೇಳಲು ನಿಮಗೆ ಜಾಗವೇ ಇರುವುದಿಲ್ಲ. ಅದಕ್ಕೇ ಮೊದಲೇ ಒಂದು ಪೋಸ್ಟ್ ಬರೆದು ಪಿನ್ ಮಾಡಿ. ಯಾವ ದಿನ ಮುಚ್ಚುತ್ತೇವೆ, ಫೈಲ್ ಉಳಿಸಿಕೊಳ್ಳುವುದು ಹೇಗೆ, ಆಮೇಲೆ ಕೇಳಬೇಕಾದರೆ ಯಾರನ್ನು ಕೇಳಬೇಕು, ಇಷ್ಟಿದ್ದರೆ ಸಾಕು. ನಾನು 15 ದಿನ ಕೊಟ್ಟೆ. ಕೊನೆಯ ಮೂರು ದಿನ ಮತ್ತೆ ಮತ್ತೆ ನೆನಪಿಸಿದೆ, ಏಕೆಂದರೆ ಬಹಳ ಜನ ಚಾನೆಲ್‌ಗಳ ಸದ್ದು ಆಫ್ ಮಾಡಿಟ್ಟಿರುತ್ತಾರೆ.

ಈ ಪೋಸ್ಟ್ ಹಾಕುವ ಮೊದಲು ಒಂದು ಸೆಟ್ಟಿಂಗ್ ನೋಡಿ. ಚಾನೆಲ್ ಹೆಸರು ಒತ್ತಿ, ಪೆನ್ಸಿಲ್ ಗುರುತಿನ ಒಳಗೆ ಹೋಗಿ, "Channel Type" ತೆರೆಯಿರಿ. ಅಲ್ಲಿ "Restrict saving content" ಆನ್ ಇದ್ದರೆ ಸದಸ್ಯರು ಫೈಲ್ ಉಳಿಸಿಕೊಳ್ಳಲೂ ಆಗದು, ಫಾರ್ವರ್ಡ್ ಮಾಡಲೂ ಆಗದು. ಅದನ್ನು ಆಫ್ ಮಾಡದೆ "ಉಳಿಸಿಕೊಳ್ಳಿ" ಎಂದು ಬರೆದರೆ ಪಾಪ, ಅವರು ಏನು ಮಾಡಬೇಕು?

ಈಗ ಅಳಿಸುವುದು

ಆಂಡ್ರಾಯ್ಡ್ ಫೋನಿನಲ್ಲಿ ಚಾನೆಲ್ ತೆರೆದು ಮೇಲಿರುವ ಹೆಸರನ್ನು ಒತ್ತಿ. ಪೆನ್ಸಿಲ್ ಗುರುತು ಒತ್ತಿ. ಪುಟದ ಕೊನೆಗೆ ಹೋದರೆ ಕೆಂಪಕ್ಷರದಲ್ಲಿ "Delete Channel" ಇರುತ್ತದೆ. ಒತ್ತಿದಾಗ ಒಂದು ಎಚ್ಚರಿಕೆ ಬರುತ್ತದೆ, ಒಪ್ಪಿದರೆ ಅಲ್ಲಿಗೆ ಮುಗಿಯಿತು. ಐಫೋನಿನಲ್ಲಿ ಪೆನ್ಸಿಲ್ ಬದಲು "Edit" ಇರುತ್ತದೆ. ಟೆಲಿಗ್ರಾಂ ಗ್ರೂಪ್ ಅಳಿಸುವ ದಾರಿಯೂ ಇದೇ.

ಸದಸ್ಯರು 1000ಕ್ಕಿಂತ ಹೆಚ್ಚಿದ್ದರೆ ಟೆಲಿಗ್ರಾಂ ನೇರವಾಗಿ ಅಳಿಸಲು ಬಿಡುವುದಿಲ್ಲ. ಆಗ ಚಾನೆಲನ್ನು ಪ್ರೈವೇಟ್ ಮಾಡಿ, ಪೋಸ್ಟ್‌ಗಳನ್ನು ನೂರು ನೂರರಂತೆ ಆರಿಸಿ ಅಳಿಸುವುದು ಒಂದು ದಾರಿ. ಬೇಸರದ ಕೆಲಸ, ಆದರೂ ಫೈಲ್‌ಗಳು ಚಾನೆಲ್‌ನಿಂದ ಹೋಗುತ್ತವೆ.

ಚಾನೆಲ್‌ಗೆ ಚರ್ಚೆಯ ಗ್ರೂಪ್ ಜೋಡಿಸಿದ್ದೀರಾ? ಚಾನೆಲ್ ಅಳಿದರೂ ಆ ಗ್ರೂಪ್ ಬೇರೆಯಾಗಿ ಉಳಿಯುತ್ತದೆ. ಚಾನೆಲ್‌ನ ಪ್ರತಿ ಪೋಸ್ಟ್ ಅಲ್ಲಿಗೂ ತಾನೇ ಫಾರ್ವರ್ಡ್ ಆಗಿರುತ್ತದೆ. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಎಲ್ಲವೂ ಹೋಗಬೇಕು ಅಂದರೆ ಅದನ್ನೂ ಪ್ರತ್ಯೇಕವಾಗಿ ಅಳಿಸಬೇಕು.

ಇನ್ನು `t.me` ಲಿಂಕ್. ನಮ್ಮ ಚಾನೆಲ್‌ನ ಲಿಂಕ್ ಲೈಬ್ರರಿಯ ಸೂಚನಾ ಫಲಕದಲ್ಲಿ ಅಂಟಿಸಿತ್ತು. ಚಾನೆಲ್ ಹೋದ ಮೇಲೆ ಆ ಹೆಸರನ್ನು ಮುಂದೊಂದು ದಿನ ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ನಮ್ಮನ್ನು ನಂಬಿ ಬಂದ ಹುಡುಗರು ದುಡ್ಡು ಕೀಳುವವರ ಕೈಗೆ ಸಿಗುವುದು ಬೇಡ ಅಲ್ವಾ? ಅದಕ್ಕೇ ಮೊದಲು ಹಳೆಯ ಚಾನೆಲನ್ನು ಪ್ರೈವೇಟ್ ಮಾಡಿದೆ. ಬಿಡುವಾದ ಆ ಹೆಸರನ್ನು ಹೊಸದೊಂದು ಖಾಲಿ ಚಾನೆಲ್‌ಗೆ ಕೊಟ್ಟೆ. ಅದರಲ್ಲಿ "ಈ ಚಾನೆಲ್ ಮುಚ್ಚಿದೆ" ಎಂಬ ಒಂದೇ ಪೋಸ್ಟ್ ಇದೆ. ಹಳೆಯದನ್ನು ಅಳಿಸಿದ್ದು ಇದಾದ ಮೇಲೆಯೇ.

ಅಷ್ಟರಲ್ಲಿ ಯಾರಾದರೂ ನಾನು ನಡೆಸುತ್ತೇನೆ ಎಂದು ಮುಂದೆ ಬಂದರೆ ಅಳಿಸುವ ಬದಲು ಮಾಲೀಕತ್ವವನ್ನೇ ಅವರಿಗೆ ವರ್ಗಾಯಿಸಬಹುದು. ಅವರನ್ನು ಎಲ್ಲ ಹಕ್ಕು ಕೊಟ್ಟು ಅಡ್ಮಿನ್ ಮಾಡಿದಾಗ "Transfer Channel Ownership" ಕಾಣುತ್ತದೆ. ಆದರೆ ನಿಮ್ಮ ಖಾತೆಗೆ ಎರಡು ಹಂತದ ಪಾಸ್‌ವರ್ಡ್ ಹಾಕಿ 7 ದಿನ ಆಗಿರಬೇಕು, ಆ ಫೋನಿನಲ್ಲಿ ಲಾಗಿನ್ ಆಗಿ 24 ಗಂಟೆ ಕಳೆದಿರಬೇಕು.

ವಾಟ್ಸಾಪ್ ಗ್ರೂಪ್ ಆದರೆ

ಅಲ್ಲಿ ಲೆಕ್ಕವೇ ಬೇರೆ. ಸಂದೇಶ, ಇಳಿಸಿಕೊಂಡ ಫೋಟೊ, ಫೈಲ್ ಎಲ್ಲ ಪ್ರತಿಯೊಬ್ಬರ ಫೋನಿನಲ್ಲೇ ಕೂತಿರುತ್ತವೆ. ನೀವು ಗ್ರೂಪ್ ಮುಚ್ಚಿದರೂ ಅವು ಅವರವರ ಹತ್ತಿರ ಉಳಿಯುತ್ತವೆ. ಹಳೆಯ ಮಾತುಕತೆಯನ್ನು ಅವರು ಓದಬಹುದು, ಹೊಸದಾಗಿ ಬರೆಯಲು ಮಾತ್ರ ಆಗುವುದಿಲ್ಲ. ಅಡ್ಮಿನ್ ಎಲ್ಲರಿಗೂ ಅಳಿಸಬಹುದಾದ್ದು ಸುಮಾರು ಎರಡು ದಿನದ ಒಳಗಿನ ಸಂದೇಶಗಳನ್ನಷ್ಟೇ.

ಮುಚ್ಚುವ ಕ್ರಮ ಹೀಗಿದೆ. ಮೊದಲು ಗ್ರೂಪಿನ ಆಹ್ವಾನದ ಲಿಂಕನ್ನು ರೀಸೆಟ್ ಮಾಡಿ, ಇಲ್ಲದಿದ್ದರೆ ನೀವು ತೆಗೆಯುತ್ತಿರುವಾಗಲೇ ಹೊಸಬರು ಒಳಗೆ ಬರುತ್ತಾರೆ. ಆಮೇಲೆ ಒಬ್ಬೊಬ್ಬರ ಹೆಸರು ಒತ್ತಿ ಗ್ರೂಪಿನಿಂದ ತೆಗೆಯಿರಿ. ನೀವೊಬ್ಬರೇ ಉಳಿದಾಗ ಗ್ರೂಪಿನಿಂದ ಹೊರಬನ್ನಿ, ಕೊನೆಗೆ ನಿಮ್ಮ ಫೋನಿನಿಂದ ಅಳಿಸಿ. ಬೇರೆ ಅಡ್ಮಿನ್ ಇಲ್ಲದೆ, ಸದಸ್ಯರನ್ನು ತೆಗೆಯದೆ ಹೊರಬಂದಿರೋ, ಉಳಿದವರಲ್ಲಿ ಒಬ್ಬರನ್ನು ವಾಟ್ಸಾಪ್ ತಾನೇ ಅಡ್ಮಿನ್ ಮಾಡುತ್ತದೆ. ನೀವು ಮಾಡಿದ ಗ್ರೂಪ್ ನೀವಿಲ್ಲದೆಯೇ ನಡೆಯುತ್ತಿರುತ್ತದೆ.