ಬ್ಯಾಗಿನ ಮೇಲಿರುವ ಕಾರ್ಟೂನ್ ಯಾವುದು? ಗುರುತು ಹಿಡಿಯುವುದು ಹೀಗೆ

ಹುಟ್ಟುಹಬ್ಬದ ಕೇಕ್ ಮೇಲೆ ಯಾವ ಗೊಂಬೆ ಬೇಕು ಅಂತ ಕೇಳಿದರೆ 'ನನ್ನ ಬ್ಯಾಗ್ ಮೇಲಿರೋದೇ ಬೇಕು' ಅಂತ ಮಗು ಹಟ ಹಿಡಿಯುತ್ತದೆ. ಬ್ಯಾಗ್ ನೋಡಿದರೆ ಅರ್ಧ ಮುಖ ಜಿಪ್ಪಿನೊಳಗೆ ಹೋಗಿದೆ, ಬಣ್ಣವೂ ಬೇರೆ. ಬೇಕರಿಯವರಿಗಂತೂ ಹೆಸರು ಬೇಕೇ ಬೇಕು.

ಮೊದಲು ಬಣ್ಣವನ್ನು ಪಕ್ಕಕ್ಕಿಡಿ. ನಕಲು ಮಾಡುವವರು ಮೊದಲು ಬದಲಿಸುವುದೇ ಅದನ್ನು. ಕೈಯಲ್ಲಿರುವ ಬಟ್ಟೆಗೆ, ಇಂಕಿಗೆ ಹೊಂದುವಂತೆ ನೀಲಿಯನ್ನು ನೇರಳೆ ಮಾಡುತ್ತಾರೆ. ಕೇಕಿನಲ್ಲಿ ಕ್ರೀಮಿನ ಬಣ್ಣವೇ ಒಂದು ದಿನದಲ್ಲಿ ಗಾಢವಾಗಿಬಿಡುತ್ತದೆ. ಅದರ ಬದಲು ಆ ಪಾತ್ರಕ್ಕೆ ಮಾತ್ರ ಇರುವ ಗುರುತುಗಳನ್ನು ಹುಡುಕಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆಯಿರಿ.

ಒಂದು ಪೌಚ್ ತೆಗೆದುಕೊಳ್ಳೋಣ. ಜಿಪ್ಪಿನ ಕೆಳಗೆ ದುಂಡು ದೇಹ, ಬಿಳಿ ಹೊಟ್ಟೆ, ಹೊಟ್ಟೆಯ ಮೇಲೆ ಅರ್ಧಚಂದ್ರದ ಜೇಬು. ಕುತ್ತಿಗೆಯಲ್ಲಿ ಕೆಂಪು ಪಟ್ಟಿ, ಅದಕ್ಕೆ ಹಳದಿ ಗಂಟೆ. ಕೈಗಳಿಗೆ ಬೆರಳೇ ಇಲ್ಲ, ಸುಮ್ನೆ ಬಿಳಿ ಉಂಡೆ. ದೇಹ ನೇರಳೆ ಬಣ್ಣದ್ದಾಗಿದ್ದರೂ ಇದು ಡೋರೆಮಾನ್. ಜೇಬು, ಗಂಟೆ, ಉಂಡೆ ಕೈ ಮೂರೂ ಒಟ್ಟಿಗಿದ್ದರೆ ಅನುಮಾನ ಬೇಡ. ಬರೀ ಗಂಟೆ ಇದ್ದರೆ ಅದು ಯಾವ ಬೆಕ್ಕೂ ಆಗಿರಬಹುದು.

ಮುಖ ಕಾಣುತ್ತಿದ್ದರೆ ಇನ್ನೂ ಸುಲಭ. ಕೆಂಪು ಮೂಗು, ಪ್ರತಿ ಕೆನ್ನೆಗೆ ಮೂರು ಮೀಸೆ, ತಲೆಯ ಮೇಲೆ ಕಿವಿ ಇಲ್ಲ. ಕಥೆಯಲ್ಲಿ ಡೋರೆಮಾನ್ ಕಿವಿಯನ್ನು ಇಲಿ ತಿಂದುಹಾಕಿದೆ. ಆದರೆ ನಕಲು ಬಿಡಿಸಿದವರು 'ಬೆಕ್ಕಲ್ವಾ' ಅಂತ ಕಿವಿ ಹಚ್ಚಿರುವುದೂ ಉಂಟು. ಹಳದಿ ದೇಹ, ತಲೆಯ ಮೇಲೆ ದೊಡ್ಡ ಕೆಂಪು ರಿಬ್ಬನ್ ಕಂಡರೆ ಬಣ್ಣ ತಪ್ಪಿದೆ ಅಂದುಕೊಳ್ಳಬೇಡಿ. ಅದು ಅವನ ತಂಗಿ ಡೋರಾಮಿ. ಇಲ್ಲಿ ಎಡವುವವರೇ ಜಾಸ್ತಿ.

ರಾಜಕುಮಾರಿಯರ ವಿಷಯದಲ್ಲಿ ಬಟ್ಟೆಯನ್ನು ನಂಬುವಂತೆಯೇ ಇಲ್ಲ, ಎಲ್ಲರಿಗೂ ನೀಲಿ ಗೌನು ಹಾಕಿಬಿಡುತ್ತಾರೆ. ಕೂದಲು ನೋಡಿ. ತಿಳಿ ಬಣ್ಣದ ಒಂದೇ ದಪ್ಪ ಜಡೆ ಭುಜದ ಮೇಲೆ ಮುಂದಕ್ಕೆ ಬಿದ್ದಿದ್ದರೆ 2013ರ 'ಫ್ರೋಜನ್' ಸಿನಿಮಾದ ಎಲ್ಸಾ. ಕೆಂಗಂದು ಕೂದಲಿಗೆ ಎರಡು ಜಡೆ ಇದ್ದರೆ ಅವಳ ತಂಗಿ ಆನಾ. ಕೂದಲು ಮೇಲಕ್ಕೆ ಕಟ್ಟಿ, ಕುತ್ತಿಗೆಗೆ ಕಪ್ಪು ಪಟ್ಟಿ ಇದ್ದರೆ ಸಿಂಡ್ರೆಲ್ಲಾ. ಮುಖ ಕತ್ತರಿಸಿಹೋಗಿದ್ದರೂ ಕುತ್ತಿಗೆ, ಭುಜ ಉಳಿದಿದ್ದರೆ ಸಾಕು.

ಚಿತ್ರ ಎಡಬಲ ತಿರುಗಿರಬಹುದು ಎಂಬುದೂ ನೆನಪಿರಲಿ. ಹಲೋ ಕಿಟ್ಟಿಯ ಬೋ ಇರುವುದು ಅವಳ ಎಡಗಿವಿಯ ಬಳಿ, ಅಂದರೆ ನೋಡುವ ನಮಗೆ ಬಲಕ್ಕೆ. ಆಚೆ ಬದಿಗಿದ್ದರೆ ಅವಳಿ ತಂಗಿ ಮಿಮ್ಮಿ ಇರಬಹುದು, ಅವಳ ಬೋ ಹಳದಿ. ಆಚೆ ಬದಿಗಿದ್ದೂ ಕೆಂಪಾಗಿದ್ದರೆ ಪ್ರಿಂಟೇ ಉಲ್ಟಾ ಆಗಿರುವ ಸಾಧ್ಯತೆ ಹೆಚ್ಚು.

ಇಷ್ಟಾದರೂ ತಿಳಿಯದಿದ್ದರೆ ಫೋನ್ ತೆಗೆಯಿರಿ. ಪ್ಲಾಸ್ಟಿಕ್ ಬ್ಯಾಗು ಹೊಳೆಯುತ್ತದೆ, ಹಾಗಾಗಿ ಫ್ಲ್ಯಾಶ್ ಬೇಡ. ಕಿಟಕಿ ಬೆಳಕಿನಲ್ಲಿ ನೇರವಾಗಿ ಫೋಟೊ ಹೊಡೆಯಿರಿ. ಜಿಪ್ಪು, ಪಟ್ಟಿ, ಅಕ್ಷರ ಎಲ್ಲ ಬಿಟ್ಟು ಗೊಂಬೆಯಷ್ಟನ್ನೇ ಕತ್ತರಿಸಿ ಗೂಗಲ್ ಲೆನ್ಸ್‌ಗೆ ಕೊಡಿ. ಇಡೀ ಬ್ಯಾಗ್ ಕೊಟ್ಟರೆ ಅದು ಅದೇ ಥರದ ಬ್ಯಾಗು ಮಾರುವ ಅಂಗಡಿಗಳನ್ನು ತೋರಿಸುತ್ತದೆ. ಅಲ್ಲಿನ ಹೆಸರನ್ನೂ ಪೂರ್ತಿ ನಂಬಬೇಡಿ, ಮಾರುವವರು ಬಾಯಿಗೆ ಬಂದದ್ದು ಬರೆದಿರುತ್ತಾರೆ. ಸಿಕ್ಕ ಹೆಸರಿನ ಮೂಲ ಚಿತ್ರ ತೆರೆದು ನಿಮ್ಮ ಚೀಟಿಯಲ್ಲಿರುವ ಗುರುತುಗಳನ್ನು ಒಂದೊಂದಾಗಿ ತಾಳೆ ನೋಡಿ.

ಒಳಗಿನ ಲೇಬಲ್ ಅಥವಾ ಡಬ್ಬಿಯ ತಳದಲ್ಲಿ © ಗುರುತಿನ ಪಕ್ಕ ಡಿಸ್ನಿ, ಸ್ಯಾನ್ರಿಯೊ, ಮಾರ್ವೆಲ್ ಅಂತ ಇದ್ದರೆ ಹುಡುಕಾಟ ಅರ್ಧ ಮುಗಿದಂತೆ. ನಕಲಿ ಮಾಲಿನಲ್ಲಿ ಈ ಸಾಲು ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಸ್ಪೆಲಿಂಗ್ ಕೆಟ್ಟಿರುತ್ತದೆ.

ಮಗುವನ್ನೇ ಕೇಳುವುದಾದರೆ 'ಇದು ಯಾರು?' ಅನ್ನಬೇಡಿ. 'ಇದರ ಫ್ರೆಂಡ್ ಯಾರು, ಏನು ತಿನ್ನುತ್ತೆ?' ಅಂತ ಕೇಳಿ. ಲಡ್ಡು ಅಂದರೆ ಛೋಟಾ ಭೀಮ್, ಸಮೋಸ ಅಂದರೆ ಮೋಟು.

ಕೆಲವು ಚಿತ್ರಗಳಿಗೆ ಹೆಸರೇ ಇರುವುದಿಲ್ಲ. ಕಾಮನಬಿಲ್ಲಿನ ಜುಟ್ಟಿನ ಯುನಿಕಾರ್ನ್, ಕನ್ನಡಕದ ಪಾಂಡಾ ಇವೆಲ್ಲ ಹೆಚ್ಚಾಗಿ ಕಾರ್ಖಾನೆಯವರೇ ಸೇರಿಸಿದ ಗೊಂಬೆಗಳು. ವಿಶೇಷ ಗುರುತು ಒಂದೂ ಸಿಗದಿದ್ದರೆ ಹೆಸರು ಹುಡುಕುವುದನ್ನು ಬಿಟ್ಟು, ಬ್ಯಾಗಿನ ಫೋಟೊವನ್ನೇ ಬೇಕರಿಗೆ ಕಳಿಸಿ ಕೇಕ್ ಮೇಲೆ ಫೋಟೊ ಶೀಟ್ ಹಾಕಿಸಿ.