ಲ್ಯಾಬ್ ತಪ್ಪಿದಾಗ ಮೇಡಂಗೆ ಬರೆದ ಮೇಲ್: ನನ್ನ ಅನುಭವ

"ಮೇಲ್ ಕಳಿಸಿದ್ರೆ ಯಾರೂ ಓದಲ್ಲ, ಸ್ಟಾಫ್ ರೂಂ ಮುಂದೆ ಹೋಗಿ ನಿಂತ್ಕೋ" ಎಂದು ಬ್ಯಾಚಿನವರೆಲ್ಲ ಹೇಳಿದ್ದರು. ನನಗೆ ಅದೇ ದಿನ ಮಧ್ಯಾಹ್ನದೊಳಗೆ ಉತ್ತರ ಬಂತು. ಲ್ಯಾಬ್ ಮಾಡಲೂ ಬಿಟ್ಟರು, ರೆಕಾರ್ಡಿಗೆ ಟೈಮೂ ಕೊಟ್ಟರು.

ತಪ್ಪಿದ್ದು ನೀರಿನ ಗಡಸುತನದ ಪ್ರಯೋಗ, ಇಡಿಟಿಎ ಟೈಟ್ರೇಶನ್. ಮಂಗಳವಾರ ಜ್ವರ ಬಂದು ಮಲಗಿದ್ದೆ.

ಹಿಂದಿನ ಸೆಮಿಸ್ಟರಿನಲ್ಲಿ ಕಳಿಸಿದ ಮೇಲ್‌ಗಳಿಗೆ ಉತ್ತರವೇ ಇರಲಿಲ್ಲ. ಜ್ವರದ ಕಥೆ ಒಂದು ಪುಟ, ಕೊನೆಗೆ "ಸ್ವಲ್ಪ ಸಮಯ ಕೊಡಿ". ಆಗ ಮೆಡಿಕಲ್ ಸರ್ಟಿಫಿಕೇಟಿಗೇ ₹200-300 ಹೋಗಿತ್ತು. ಅದನ್ನು ಯಾರೂ ಬಿಡಿಸಿಯೂ ನೋಡಲಿಲ್ಲ. ಈ ಸಲ ಡಾಕ್ಟರ್ ಬರೆದುಕೊಟ್ಟ ಚೀಟಿಯೇ ಸಾಕಾಯಿತು, ಜಾಸ್ತಿ ಖರ್ಚಿಲ್ಲ.

ಮೇಡಂಗೆ ಜ್ವರ ಸಮಸ್ಯೆಯಲ್ಲ, ರೀಡಿಂಗ್ ಸಮಸ್ಯೆ. ಲ್ಯಾಬ್ ಮಾಡದವನು ರೆಕಾರ್ಡಿನಲ್ಲಿ ಏನು ಬರೆಯುತ್ತಾನೆ? ಗೆಳೆಯನ ಬ್ಯುರೆಟ್ ರೀಡಿಂಗ್ ಇಳಿಸಿಕೊಂಡರೆ ಇಬ್ಬರ ಟೇಬಲ್ಲೂ ಒಂದೇ, ವೈವಾದಲ್ಲಿ ಸಿಕ್ಕಿಬೀಳುವುದು ಅಲ್ಲೇ. ಅದಕ್ಕೇ ಮೊದಲು ಪ್ರಯೋಗ ಮಾಡಲು ಬಿಡಿ ಎಂದು ಕೇಳಿದೆ, ಆಮೇಲೆ ರೆಕಾರ್ಡಿಗೆ ದಿನ. ಗುರುವಾರ ಬಿ2 ಬ್ಯಾಚಿಗೆ ಇದೇ ಪ್ರಯೋಗವಿತ್ತು. ಇಡಿಟಿಎ, ಬಫರ್, ಇಂಡಿಕೇಟರ್ ಎಲ್ಲ ಹೇಗೂ ಹೊರಗಿರುತ್ತೆ. ಒಂದು ಬ್ಯುರೆಟ್ ಖಾಲಿ ಇದ್ದರಾಯಿತು. ಅದನ್ನೂ ಅಟೆಂಡರ್ ಅಣ್ಣನ ಹತ್ತಿರ ಮೊದಲೇ ಕೇಳಿಕೊಂಡಿದ್ದೆ. ಬರೆದದ್ದು ಹೀಗೆ:

"ವಿಷಯ: ಬಿ1 ಬ್ಯಾಚ್, ರೋಲ್ ನಂ. 23, ಇಡಿಟಿಎ ಪ್ರಯೋಗ ಗುರುವಾರ ಮಾಡಲು ಅನುಮತಿ

ನಮಸ್ತೆ ಮೇಡಂ. ಜ್ವರದಿಂದ ಮಂಗಳವಾರದ ಲ್ಯಾಬಿಗೆ ಬರಲಾಗಲಿಲ್ಲ. ಡಾಕ್ಟರ್ ಚೀಟಿ ಜೊತೆಗಿದೆ. ಗುರುವಾರ ಬಿ2 ಬ್ಯಾಚಿನ ಜೊತೆ ಪ್ರಯೋಗ ಮಾಡಬಹುದೇ? ಒಂದು ಬ್ಯುರೆಟ್ ಖಾಲಿ ಇದೆ ಎಂದು ಅಟೆಂಡರ್ ಹೇಳಿದ್ದಾರೆ. ಒಪ್ಪಿದರೆ ನನ್ನದೇ ರೀಡಿಂಗ್ ಇರುವ ರೆಕಾರ್ಡನ್ನು ಸೋಮವಾರ ಬೆಳಿಗ್ಗೆ ಕೊಡುತ್ತೇನೆ."

ಇದರ ಕೆಳಗೆ ಇನ್ನೊಂದು ಸಾಲು ಇತ್ತು. ಅದನ್ನು ಇಲ್ಲಿ ಹಾಕಲ್ಲ, ಎಲ್ಲರೂ ಬರೆದರೆ ಕೆಲಸ ಮಾಡಲ್ಲ.

ಚೀಟಿಯನ್ನು ಮೊದಲು ಫೋಟೋ, ಆಮೇಲೆ ಪಿಡಿಎಫ್ ಮಾಡಿ ನನಗೇ ಕಳಿಸಿ ನೋಡಿದೆ. ಫೋಟೋ ಅಡ್ಡ ತಿರುಗಿಕೊಂಡು ಬಂತು, ಸೈಜೂ 4-5 ಎಂಬಿ. ಪಿಡಿಎಫ್ ಮೊಬೈಲಿನಲ್ಲೂ ನೆಟ್ಟಗೆ ತೆರೆಯಿತು, ಅದನ್ನೇ ಹಾಕಿದೆ. ಕಳಿಸಿದ್ದು ಬೆಳಿಗ್ಗೆ ಎಂಟರೊಳಗೆ, ಕ್ಲಾಸ್ ಶುರುವಾಗುವ ಮೊದಲು. ರಾತ್ರಿ ಕಳಿಸಿದರೆ ಬೆಳಗಾಗುವಷ್ಟರಲ್ಲಿ ಕೆಳಗೆ ಹೂತುಹೋಗಿರುತ್ತೆ.

ಉತ್ತರ ಒಂದೇ ಸಾಲು: "ಗುರುವಾರ ಬಾ, ಅಬ್ಸರ್ವೇಶನ್ ಬುಕ್ ತಾ." ಗುರುವಾರ ದ್ರಾವಣದ ವೈನ್ ಕೆಂಪು ಬಣ್ಣ ಪೂರ್ತಿ ನೀಲಿಗೆ ತಿರುಗುವವರೆಗೆ ಇಡಿಟಿಎ ಹನಿ ಹನಿಯಾಗಿ ಬಿಟ್ಟೆ. ಎರಡು ರೀಡಿಂಗ್ ಹೊಂದಿಕೊಂಡ ಮೇಲೆ ಮೇಡಂ ಅಲ್ಲೇ ಸಹಿ ಹಾಕಿದರು. ರೆಕಾರ್ಡಿಗೆ ಒಂದು ಮಾರ್ಕೂ ಕಡಿತವಾಗಲಿಲ್ಲ.

ತಪ್ಪಿದ್ದು ಕೊನೆಯ ಬ್ಯಾಚಿನ ದಿನವಾಗಿದ್ದರೆ ಈ ಮೇಲ್ ನಡೆಯಲ್ಲ. ಅಷ್ಟರಲ್ಲಿ ದ್ರಾವಣ ಚೆಲ್ಲಿ ಮುಂದಿನ ಪ್ರಯೋಗ ಜೋಡಿಸಿರುತ್ತಾರೆ. ಆಗ ರಿಪೀಟ್ ಲ್ಯಾಬ್ ಯಾವತ್ತು ಎಂದು ಕೇಳಿ ಬರೆಯಬೇಕು.